ಕಸುವೆಷ್ಟು ಉಳಿದಿದೆ, ಮುಂದಿನ ಸರದಿ ಯಾರದು

(ಬೆಂಗಳೂರಿನಲ್ಲಿ ಗೇಮ್ ಕಟ್ಟುವ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹುತೇಕರು ಚೌಕಾಬಾರ ಆಡಿಯೇ ಇರುತ್ತೀರಿ. ಕವಡೆ ಹಾಕುವುದು, ಕಾಯಿ ನಡೆಸುವುದು, ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಸಲ ಹಾಕುವುದು. ಆ ಆಟದಲ್ಲಿ ‘ಈಗ ಯಾರ ಆಟ?’ ಅನ್ನುವ ಗೊಂದಲ ಬರುವುದು ಅಪರೂಪ. ಎಲ್ಲರೂ ಮಣೆಯ ಸುತ್ತ ಕೂತಿರುತ್ತೇವೆ, ಕವಡೆ ಕೈಯಿಂದ ಕೈಗೆ ಹೋಗುತ್ತದೆ. ಸರದಿ ಕಣ್ಣಿಗೆ ಕಾಣುತ್ತದೆ, ಬಿದ್ದ ಗರವೂ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸರದಿಯ ಕಾಳಗ ಕಟ್ಟಲು ಹೊರಟಾಗ ನಾವು ಮೊದಲು ಕಳೆದುಕೊಳ್ಳುವುದು ಈ ಎರಡನ್ನೇ. ಯಾರು ಯಾರ ನಂತರ ಬರುತ್ತಾರೆ ಅನ್ನುವುದು ಒಂದು ಪಟ್ಟಿಯೊಳಗೆ ಅಡಗಿಕೊಳ್ಳುತ್ತದೆ. ನನ್ನ ಬಳಿ ಏನೇನು ಮಾಡುವಷ್ಟು ಉಳಿದಿದೆ ಅನ್ನುವುದು ಒಂದು ಅಂಕಿಯೊಳಗೆ ಅಡಗಿಕೊಳ್ಳುತ್ತದೆ.

ಇಂದು ಹೇಳಬೇಕಾದ್ದು ಇಷ್ಟೇ. ಹೊಸ ಆಟಗಾರ ಗುಂಡಿ ಒತ್ತುವ ಮೊದಲೇ ಎರಡು ಪ್ರಶ್ನೆಗೆ ತಾನೇ ಉತ್ತರ ಹೇಳುವಂತಿರಬೇಕು. ಇದನ್ನು ಮಾಡಿದರೆ ನನ್ನಲ್ಲಿ ಇನ್ನೇನು ಉಳಿಯುತ್ತದೆ? ನನ್ನ ನಂತರ ಯಾರು? ನಾವು ಕಟ್ಟಿದ ಒಂದು ಪುಟ್ಟ ಆಟವನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಘಟ್ಟದ ದಾರಿಯಲ್ಲಿ ಸಾಗುವ ಮೂವರು, ಅವರನ್ನು ಅಡ್ಡಗಟ್ಟುವ ದರೋಡೆಕೋರರು, ಚೌಕುಳಿ ಹಾಕಿದ ನೆಲ. ಬಿಲ್ಲಿನ ಚೆನ್ನಿ, ಕತ್ತಿ ಗುರಾಣಿಯ ಮಲ್ಲ, ಗಿಡಮೂಲಿಕೆಯ ಗೌರ.

ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ಆಟ ಕನ್ನಡದಲ್ಲಿ ಇರಬೇಕೆಂದು ನಿರ್ಧರಿಸಿದ್ದೆವು. ಒಂದು ಸರದಿಯಲ್ಲಿ ಕೆಲಸಗಳಿಗೆ ಖರ್ಚು ಮಾಡುವ ಆ್ಯಕ್ಷನ್ ಪಾಯಿಂಟಿಗೆ ಮೊದಲು ‘ಶಕ್ತಿ’ ಅಂದೆವು. ಆಡಿದವರೆಲ್ಲ ಅದನ್ನು ಜೀವ ಅಂದುಕೊಂಡು, ಬಾಣ ಬಿಟ್ಟ ಕೂಡಲೇ ಅದು ಇಳಿದಿದ್ದು ನೋಡಿ ಗಾಬರಿಯಾದರು. ‘ಹೆಜ್ಜೆ’ ಅಂದೆವು, ಅದು ನಡೆಯುವುದಕ್ಕೆ ಮಾತ್ರ ಅಂದುಕೊಂಡರು. ‘ಕ್ರಿಯಾಂಕ’ ಯಾರಿಗೂ ದಕ್ಕಲಿಲ್ಲ. ಕೊನೆಗೆ ‘ಕಸುವು’ ನಿಂತಿತು. ಕಸುವಿದ್ದರೆ ಕೆಲಸ ಮಾಡಬಹುದು, ತೀರಿದರೆ ಕೂರಬೇಕು ಅನ್ನುವುದನ್ನು ಯಾರೂ ವಿವರಿಸಬೇಕಾಗಲಿಲ್ಲ. ಯಾರು ಮೊದಲು ಆಡುತ್ತಾರೆ ಅನ್ನುವುದನ್ನು ತೀರ್ಮಾನಿಸುವ ಇನಿಷಿಯೇಟಿವ್‌ಗೆ ‘ವೇಗ’ ಅಂದಾಗ, ವೇಗ ಹೆಚ್ಚಿದ್ದವರು ಹೆಚ್ಚು ಮನೆ ದಾಟುತ್ತಾರೆ ಅಂದುಕೊಂಡರು. ಅದು ‘ಚುರುಕು’ ಆಯಿತು. ಪಟ್ಟಿಗೆ ‘ಸರದಿ’. ಹೆಸರು ಸರಿಹೋದ ಮೇಲೆ ನಾವು ಬರೆದಿದ್ದ ಸೂಚನೆಗಳಲ್ಲಿ ಅರ್ಧದಷ್ಟನ್ನು ಅಳಿಸಿಹಾಕಿದೆವು.

ಹತ್ತರ ಲೆಕ್ಕ

ನಮ್ಮ ಮೊದಲ ಮಾದರಿಯಲ್ಲಿ ಪ್ರತಿ ಸರದಿಗೆ 10 ಕಸುವು. ಒಂದು ಮನೆ ನಡೆದರೆ 1, ಬಾಣ ಬಿಟ್ಟರೆ 5, ಕತ್ತಿ ಬೀಸಿದರೆ 4. ನಮಗೆ ಇದು ಬಹಳ ಸಹಜವಾಗಿ ಕಂಡಿತ್ತು. 1994ರ ಮೂಲ ಎಕ್ಸ್‌ಕಾಮ್‌ನಲ್ಲಿ ಸೈನಿಕನಿಗೆ ಹತ್ತಾರು ‘ಟೈಮ್ ಯೂನಿಟ್’ ಇರುತ್ತಿದ್ದವು. ಸಾದಾ ನೆಲದಲ್ಲಿ ಒಂದು ಮನೆ ನಡೆಯಲು 4, ಗುಂಡು ಹಾರಿಸಲು ಒಟ್ಟು ಮೊತ್ತದ ಇಷ್ಟು ಪಾಲು. 1997ರ ಫಾಲ್‌ಔಟ್‌ನಲ್ಲೂ ಒಂದು ಮನೆಗೆ 1 ಆ್ಯಕ್ಷನ್ ಪಾಯಿಂಟ್. ಅವನ್ನು ಆಡಿ ಬೆಳೆದವರು ನಾವು.

ಮಾದರಿಯನ್ನು ಪಕ್ಕದ ಮನೆಯ ಶಿಕ್ಷಕಿಯೊಬ್ಬರ ಕೈಗೆ ಕೊಟ್ಟೆ. ಮೊಬೈಲಿನಲ್ಲಿ ಇಸ್ಪೀಟು, ಪದಬಂಧ ಆಡುವವರು, ಲೆಕ್ಕದಲ್ಲಿ ಗಟ್ಟಿಗರು. ಪಕ್ಕದಲ್ಲಿ ಕೂತೆ, ಬಾಯಿ ತೆರೆಯಲಿಲ್ಲ. ಅವರು ಚೆನ್ನಿಯನ್ನು ಆರು ಮನೆ ಮುಂದಕ್ಕೆ ನಡೆಸಿದರು, ದರೋಡೆಕೋರನ ಹತ್ತಿರ ತಂದು ನಿಲ್ಲಿಸಿದರು, ಬಿಲ್ಲಿನ ಗುಂಡಿ ಒತ್ತಿದರು. ಗುಂಡಿ ಮಂಕಾಗಿತ್ತು. ಮತ್ತೆ ಒತ್ತಿದರು. “ಇಷ್ಟು ಹತ್ರ ಬಂದಿದೀನಲ್ಲ, ಈಗ್ಯಾಕೆ ಹೊಡಿಯಕ್ಕೆ ಬಿಡ್ತಿಲ್ಲ?” ಅಂದರು. ಉಳಿದಿದ್ದು 4, ಬೇಕಿದ್ದು 5. ಮೂಲೆಯಲ್ಲಿ 4/10 ಎಂದು ಬರೆದೇ ಇತ್ತು. ಅವರ ಕಣ್ಣು ನೆಲದ ಮೇಲಿತ್ತು, ಇರಬೇಕಾದದ್ದೂ ಅಲ್ಲೇ.

ಆ ರಾತ್ರಿ ಕಾಗದದ ಮೇಲೆ ಚೆನ್ನಿಯ ಸರದಿಯನ್ನು ಬಿಡಿಸಿ ಬರೆದೆ. ಒಂದು ಮನೆಯೂ ನಡೆಯದಿದ್ದರೆ ಎರಡು ಬಾಣ. ಒಂದರಿಂದ ಐದು ಮನೆ ನಡೆದರೆ ಒಂದು ಬಾಣ. ಆರರಿಂದ ಹತ್ತು ಮನೆ ನಡೆದರೆ ಬಾಣವೇ ಇಲ್ಲ. ಅಂದರೆ ಹತ್ತು ಅಂಕಿಗಳ ಹಿಂದೆ ಇದ್ದ ನಿಜವಾದ ಆಯ್ಕೆಗಳು ಮೂರೇ: ನಿಂತು ಎರಡು ಸಲ ಹೊಡಿ, ಸರಿದು ಒಂದು ಸಲ ಹೊಡಿ, ಓಡು. ಈ ಮೂರನ್ನು ಬೇರ್ಪಡಿಸುವ ಗೆರೆಗಳು ಸೊನ್ನೆ ಮತ್ತು ಒಂದರ ನಡುವೆ, ಐದು ಮತ್ತು ಆರರ ನಡುವೆ ಇದ್ದವು. ಅವು ನೆಲದ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಐದನೆಯ ಹೆಜ್ಜೆಗೂ ಆರನೆಯ ಹೆಜ್ಜೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ, ಫಲದಲ್ಲಿ ಅಜಗಜಾಂತರ.

ಇದನ್ನು ಎಲ್ಲ ಪಾತ್ರಗಳಿಗೂ ಬರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಪಾತ್ರದ ಒಂದು ಸರದಿಯಲ್ಲಿ ಅರ್ಥವಿರುವ ಆಯ್ಕೆಗಳು ಎಷ್ಟು ಅಂತ ಎಣಿಸಿ. ಅವು ಮೂರೋ ನಾಲ್ಕೋ ಆಗಿದ್ದರೆ ಕಸುವೂ ಅಷ್ಟರ ಆಸುಪಾಸಿನಲ್ಲೇ ಇರಲಿ. 2012ರ ಎಕ್ಸ್‌ಕಾಮ್ ಮಾಡಿದ್ದು ಇದನ್ನೇ. ಹತ್ತಾರು ಟೈಮ್ ಯೂನಿಟ್ಟುಗಳ ಜಾಗಕ್ಕೆ ಎರಡೇ ಕ್ರಿಯೆ, ನೆಲದ ಮೇಲೆ ಎರಡು ಬಣ್ಣದ ಗಡಿ. ಒಳಗಿನ ಗಡಿಯೊಳಗೆ ನಿಂತರೆ ಇನ್ನೊಂದು ಕೆಲಸ ಮಾಡಬಹುದು, ಅದರಾಚೆ ಹೋದರೆ ಓಟ ಮಾತ್ರ.

ನಮಗೆ ಎರಡು ತೀರಾ ಕಡಿಮೆ ಅನ್ನಿಸಿತು, ಏಕೆಂದರೆ ಉಳಿಸಿಕೊಳ್ಳುವ ಆಯ್ಕೆ ನಮಗೆ ಬೇಕಿತ್ತು. 2017ರ ಡಿವಿನಿಟಿ: ಒರಿಜಿನಲ್ ಸಿನ್ 2 ಪ್ರತಿ ಸರದಿಗೆ 4 ಕೊಟ್ಟು, ಉಳಿಸಿಕೊಂಡರೆ ಗರಿಷ್ಠ 6ರವರೆಗೆ ಹೋಗಲು ಬಿಡುತ್ತದೆ. ಅದೇ ಅಳತೆಯನ್ನು ನಾವು ತೆಗೆದುಕೊಂಡೆವು. ಈಗ ನಮ್ಮಲ್ಲಿ ಸರದಿಗೆ 4 ಕಸುವು. 1 ಕಸುವಿಗೆ ಮೂರು ಮನೆ ನಡಿಗೆ. ಬಾಣಕ್ಕೆ 2, ಕತ್ತಿಗೆ 2, ದೊಡ್ಡ ಹೊಡೆತಕ್ಕೆ 3. ಚೆನ್ನಿ ಆರು ಮನೆಯವರೆಗೆ ನಡೆದರೆ ಬಾಣಕ್ಕೆ ಬೇಕಾದ 2 ಉಳಿದೇ ಇರುತ್ತದೆ. ಆ ಆರು ಮನೆಗಳ ಮೇಲೆ ಚುಕ್ಕಿ ಬರುತ್ತದೆ, ಅದರಾಚೆಯ ಮನೆಗಳು ಬರಿದಾಗಿರುತ್ತವೆ. ಬಣ್ಣವನ್ನಷ್ಟೇ ನಂಬಿಕೊಂಡರೆ ಕೆಂಪು ಹಸಿರು ಬೇರ್ಪಡಿಸಲಾಗದವರಿಗೆ ಅದು ಇಲ್ಲದಂತೆಯೇ. ಹಾಗಾಗಿ ಚುಕ್ಕಿ.

ಕಸುವನ್ನು ಅಂಕಿಯಾಗಿ ಬರೆಯುವುದನ್ನೂ ಬಿಟ್ಟೆವು. ಪಾತ್ರದ ಕಾಲಡಿಯಲ್ಲಿ ನಾಲ್ಕು ಕಾಳುಗಳಂತೆ ಜೋಡಿಸಿದೆವು. ಒಂದು ಕೆಲಸವನ್ನು ಮುಟ್ಟಿದ ಕೂಡಲೇ ಅದಕ್ಕೆ ಖರ್ಚಾಗುವ ಕಾಳುಗಳು ಟೊಳ್ಳಾಗಿ ಮಿನುಗುತ್ತವೆ. ನಾಲ್ಕು ಕಾಳು ಎಣಿಸುವುದಕ್ಕೆ ಲೆಕ್ಕ ಬೇಕಿಲ್ಲ, ನೋಟ ಸಾಕು. ಹತ್ತನ್ನು ಎಣಿಸಲೇಬೇಕು.

ಇಲ್ಲೊಂದು ಸಣ್ಣ ತೊಡಕು ಎದುರಾಯಿತು. 1 ಕಸುವಿಗೆ ಮೂರು ಮನೆ ಅಂದಾಗ, ಎಚ್ಚರದಿಂದ ಆಡುವವರು ಒಂದು ಮನೆ ಸರಿದು, ಸುತ್ತ ನೋಡಿ, ಇನ್ನೊಂದು ಮನೆ ಸರಿಯುತ್ತಾರೆ. ನಾವು ಪ್ರತಿ ಸಲವೂ 1 ಕಸುವು ಕಿತ್ತುಕೊಳ್ಳುತ್ತಿದ್ದೆವು. ಒಂದೇ ಸಲಕ್ಕೆ ಮೂರು ಮನೆ ಹಾರಿದವನಿಗೆ 1, ಯೋಚಿಸಿ ಎರಡು ಮನೆ ನಡೆದವನಿಗೆ 2. ಯೋಚಿಸಿದವರಿಗೇ ದಂಡ. ಈಗ ತೆತ್ತ ಕಸುವಿನಲ್ಲಿ ಬಾಕಿ ಇರುವ ಮನೆಗಳು ಸರದಿ ಮುಗಿಯುವವರೆಗೆ ಉಳಿಯುತ್ತವೆ, ಪಕ್ಕದಲ್ಲಿ ಪುಟ್ಟ ಹೆಜ್ಜೆಗುರುತಾಗಿ ಕಾಣುತ್ತವೆ. ನಡುವೆ ಬಾಣ ಬಿಟ್ಟರೂ ಅವು ಹೋಗುವುದಿಲ್ಲ.

ಉಳಿಸಿಕೊಳ್ಳುವುದಕ್ಕೆ ಮಿತಿ ಏಕೆ ಅಂತ ಕೇಳಬಹುದು. ಮಿತಿ ಇಲ್ಲದ ಒಂದು ವಾರ ನಮ್ಮಲ್ಲೂ ಇತ್ತು. ಆಡಿದವರು ಬಂಡೆಯ ಹಿಂದೆ ಎರಡು ಸರದಿ ಸುಮ್ಮನೆ ಕೂತು, ಮೂರನೆಯದರಲ್ಲಿ ಹೊರಬಂದು ಎಲ್ಲವನ್ನೂ ಸುರಿದರು. ಗೆಲ್ಲಲು ಅದೇ ಸುಲಭ, ಆಡಲು ಅದೇ ಬೇಸರ. 6ಕ್ಕೆ ನಿಲ್ಲಿಸಿದರೆ, ಒಂದು ಸರದಿ ಪೂರ್ತಿ ಸುಮ್ಮನಿದ್ದವನಿಗೂ ಮುಂದೆ ಸಿಗುವುದು ಎರಡರ ಬದಲು ಮೂರು ಬಾಣ ಅಷ್ಟೇ. ಕಾಯುವುದು ಕೆಲವೊಮ್ಮೆ ಲಾಭ, ಯಾವಾಗಲೂ ಅಲ್ಲ. ದರೋಡೆಕೋರರೂ ಉಳಿಸಿಕೊಳ್ಳಬಲ್ಲರು. ಹಾಗಾಗಿ ಅವರ ಕಾಳುಗಳನ್ನೂ ತೋರಿಸಲೇಬೇಕು. ಕಾಣದ ಕಸುವಿನಿಂದ ಬಿದ್ದ ಮೂರನೆಯ ಬಾಣವನ್ನು ಆಟಗಾರ ಮೋಸ ಅಂತಲೇ ಎಣಿಸುತ್ತಾನೆ, ಅದು ಸರಿ ಕೂಡ.

ಸರದಿ ಅಲುಗಬಾರದು

ಈಗ ಸರದಿಗೆ ಬರೋಣ. ನಮ್ಮ ಮೊದಲ ಮಾದರಿ ಪ್ರತಿ ಸುತ್ತಿಗೂ ಹೊಸದಾಗಿ ದಾಳ ಹಾಕಿ ಸರದಿ ಕಟ್ಟುತ್ತಿತ್ತು. ಚುರುಕಿಗೆ ಇಪ್ಪತ್ತು ಮುಖದ ದಾಳ ಸೇರಿಸುವುದು, ದೊಡ್ಡ ಮೊತ್ತದವರು ಮೊದಲು. ಇದರಿಂದ ಎರಡು ಅನಾಹುತ ಆದವು.

ಮೊದಲನೆಯದನ್ನು ಹತ್ತಿರದಿಂದ ನೋಡೋಣ. ಒಂದನೆಯ ಸುತ್ತಿನಲ್ಲಿ ದರೋಡೆಕೋರರ ಬಿಲ್ಲುಗಾರ ಕೊನೆಯವನು. ಎರಡನೆಯ ಸುತ್ತಿಗೆ ಹೊಸ ದಾಳ ಬಿತ್ತು, ಅವನೇ ಮೊದಲನೆಯವನಾದ. ಕೊನೆಯವನ ನಂತರ ಮೊದಲನೆಯವನು, ಅಂದರೆ ಅವನ ನಂತರ ಅವನೇ. ಒಂದು ಸರದಿಗೆ ಎರಡು ಬಾಣ, ಒಂದಕ್ಕೆ 4 ಪೆಟ್ಟು. ನಾಲ್ಕು ಬಾಣಕ್ಕೆ 16. ಗೌರನ ಜೀವ 12. ಪೂರ್ತಿ ಜೀವದಿಂದ ನಿಂತಿದ್ದ ಗೌರ, ನಮ್ಮವರಲ್ಲಿ ಒಬ್ಬರಿಗೂ ಕೈ ಆಡಿಸಲು ಅವಕಾಶವಿಲ್ಲದೆ ಬಿದ್ದ. ಆಡುತ್ತಿದ್ದ ಹುಡುಗ ಫೋನನ್ನು ನನಗೆ ಚಾಚಿ “ಅಣ್ಣಾ, ಹ್ಯಾಂಗ್ ಆಗಿದೆ ನೋಡಿ, ಅವನೇ ಎರಡು ಸಲ ಆಡಿದ” ಅಂದ. ನಿಯಮದ ಪ್ರಕಾರ ಎಲ್ಲ ಸರಿಯಿತ್ತು. ಆದರೆ ನೋಡಿದವನಿಗೆ ಅದು ಆಟ ಕೆಟ್ಟುಹೋದಂತೆ ಕಂಡಿತು. ಎಲ್ಲಿ ನಿಯಮವೂ ದೋಷವೂ ಒಂದೇ ಥರ ಕಾಣುತ್ತವೋ ಅಲ್ಲಿ ನಿಯಮವನ್ನೇ ಬದಲಿಸಬೇಕು.

ಆಮೇಲೆ ನಾವು ಒಂದು ಮಾತನ್ನು ಗೋಡೆಗೆ ಬರೆದು ಅಂಟಿಸಿದೆವು: ಒಬ್ಬನ ಎರಡು ಸರದಿಗಳ ನಡುವೆ ಬದುಕಿರುವ ಉಳಿದ ಪ್ರತಿಯೊಬ್ಬನಿಗೂ ಒಂದು ಸರದಿ ಸಿಗಬೇಕು. ಇದು ನಿಲ್ಲಬೇಕಾದರೆ ದಾಳ ಕಾಳಗದ ಆರಂಭದಲ್ಲಿ ಒಂದೇ ಸಲ ಬೀಳಬೇಕು, ಆಮೇಲೆ ಅದೇ ಸರದಿ ಸುತ್ತಬೇಕು. ಮೇಜಿನ ಮೇಲೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಈ ದಾರಿಗೆ ಬಂತು. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಪ್ರತಿ ಸುತ್ತಿಗೂ ದಾಳ ಹಾಕುವುದೇ ವಾಡಿಕೆಯಾಗಿತ್ತು.

ಎರಡನೆಯ ಅನಾಹುತ ಇಪ್ಪತ್ತು ಮುಖದ ದಾಳದ್ದು. ಚೆನ್ನಿಯ ಚುರುಕು ಎದುರಾಳಿಗಿಂತ 3 ಹೆಚ್ಚು ಅಂತಿಟ್ಟುಕೊಳ್ಳಿ. ಇಬ್ಬರೂ ಇಪ್ಪತ್ತರ ದಾಳ ಹಾಕಿದರೆ ಒಟ್ಟು 400 ಸಾಧ್ಯತೆ. ಅದರಲ್ಲಿ 136ರಲ್ಲಿ ಮಂದಗತಿಯವನೇ ಮುಂದೆ ಬರುತ್ತಾನೆ. ಸುಮಾರು ಮೂರರಲ್ಲಿ ಒಂದು ಸಲ. ಆಟಗಾರ ಬೆವರು ಸುರಿಸಿ ಚುರುಕಿಗೆ 3 ಅಂಕ ಹಾಕಿದ್ದಾನೆ, ಅದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ಮುಖದ ದಾಳ ಹಾಕಿದರೆ 3ರ ಅಂತರವನ್ನು ದಾಟಲು ಆಗುವುದೇ ಇಲ್ಲ, ಹದಿನಾರರಲ್ಲಿ ಒಂದು ಸಲ ಸಮವಾಗಬಹುದು ಅಷ್ಟೇ. 1ರ, 2ರ ಅಂತರ ಮಾತ್ರ ಆಗಾಗ ತಿರುಗುಮುರುಗಾಗುತ್ತದೆ. 2023ರ ಬಾಲ್ಡರ್ಸ್ ಗೇಟ್ 3 ಮೇಜಿನಾಟದ ಇಪ್ಪತ್ತನ್ನು ಬಿಟ್ಟು ಸರದಿಗೆ ನಾಲ್ಕು ಮುಖದ ದಾಳ ಬಳಸುತ್ತದೆ. ನಾವೂ ಅದನ್ನೇ ಮಾಡಿದೆವು.

ಸಮ ಬಂದಾಗ ಏನು? ಇದು ಚಿಕ್ಕ ವಿಷಯ ಅಂತ ನಾವು ಬಿಟ್ಟಿದ್ದೆವು. ಆಮೇಲೆ ನೋಡಿದರೆ ಸರದಿಯ ಪಟ್ಟಿಯಲ್ಲಿ ಇಬ್ಬರ ಚಿತ್ರಗಳು ಒಮ್ಮೊಮ್ಮೆ ತಾವಾಗೇ ಅದಲು ಬದಲಾಗುತ್ತಿದ್ದವು. ನಾವು ಬಳಸುವುದು ಗೋಡೋ ಗೇಮ್ ಎಂಜಿನ್. ಅದರಲ್ಲಿ ಪಟ್ಟಿ ಜೋಡಿಸುವ `sort_custom` ಸಮ ಬಿದ್ದವರ ಮೂಲ ಕ್ರಮವನ್ನು ಉಳಿಸುವ ಭರವಸೆ ಕೊಡುವುದಿಲ್ಲ. ಯಾರೋ ಸತ್ತಾಗ ಪಟ್ಟಿಯನ್ನು ಮತ್ತೆ ಜೋಡಿಸುತ್ತಿದ್ದೆವು, ಆಗ ಸಮ ಇದ್ದವರು ಹಿಂದುಮುಂದಾಗುತ್ತಿದ್ದರು. ಮದ್ದು ಸರಳ. ಯಾವ ಇಬ್ಬರೂ ಎಂದೂ ಸಮ ಆಗದಂತೆ ಹೋಲಿಕೆ ಬರೆಯುವುದು.

```gdscript
func goes_first(a, b):
    if a.churuku != b.churuku:
        return a.churuku > b.churuku
    if a.is_hero != b.is_hero:
        return a.is_hero
    return a.id < b.id
```

ಇಲ್ಲಿ `churuku` ಅಂದರೆ ದಾಳ ಸೇರಿಸಿದ ಮೊತ್ತ. ಸಮ ಬಂದರೆ ನಮ್ಮವರು ಮೊದಲು ಅನ್ನುವುದು ಆಟಗಾರನ ಪರವಾದ ನಿಯಮ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ನಿಯಮ. ಜೊತೆಗೆ, ಯಾರಾದರೂ ಸತ್ತರೆ ಈಗ ಪಟ್ಟಿಯನ್ನು ಮತ್ತೆ ಜೋಡಿಸುವುದಿಲ್ಲ. ಅವರ ಚಿತ್ರ ಕಳಚಿಕೊಳ್ಳುತ್ತದೆ, ಉಳಿದವರು ಹಾಗೇ ಸರಿದು ಕೂರುತ್ತಾರೆ.

ಇನ್ನೊಂದು ಸಂಗತಿ, ಸರದಿ ಒಂದೇ ಕಡೆ ಗುಂಪುಗಟ್ಟುವುದು. ನಾಲ್ವರು ದರೋಡೆಕೋರರು ಒಬ್ಬರ ಹಿಂದೊಬ್ಬರು ಬಂದರೆ ಆಟಗಾರ ಸುಮ್ಮನೆ ನೋಡುತ್ತಾ ಕೂರಬೇಕು, ಅಷ್ಟರಲ್ಲಿ ಒಬ್ಬ ಸತ್ತೂ ಹೋಗಿರುತ್ತಾನೆ. ಒರಿಜಿನಲ್ ಸಿನ್ 2 ಇದಕ್ಕೆ ಒಂದು ಕಡೆಯವರು, ಮತ್ತೊಂದು ಕಡೆಯವರು ಎಂದು ಹೆಣೆದಂತೆ ಸರದಿ ಕೊಡುತ್ತದೆ. ಹೊಸಬರಿಗೆ ಅದು ಬಹಳ ಅನುಕೂಲ. ಆದರೆ ಅದಕ್ಕೆ ಬೆಲೆ ಇದೆ. ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾದವರನ್ನು ಬಿಟ್ಟರೆ ಉಳಿದವರ ಚುರುಕು ತಮ್ಮ ತಮ್ಮೊಳಗಿನ ಹಿಂದುಮುಂದನ್ನಷ್ಟೇ ತೀರ್ಮಾನಿಸುತ್ತದೆ, ಎದುರಾಳಿಯನ್ನು ದಾಟಲು ನೆರವಾಗುವುದಿಲ್ಲ. ನಮಗೆ ಚುರುಕು ಮುಖ್ಯವಾಗಿತ್ತು, ಹಾಗಾಗಿ ಹೆಣೆಯಲಿಲ್ಲ. ಬದಲಿಗೆ ಮೊದಲ ಕೆಲವು ಕಾಳಗಗಳಲ್ಲಿ ದರೋಡೆಕೋರರ ಚುರುಕುಗಳನ್ನೇ ಚೆದುರಿಸಿ ಇಟ್ಟೆವು.

ಪಟ್ಟಿಯೇ ಪಾಠ

ಸರದಿಯನ್ನು ಪರದೆಯ ಮೇಲಂಚಿನಲ್ಲಿ ಚಿತ್ರಗಳ ಸಾಲಾಗಿ ತೋರಿಸುತ್ತೇವೆ. ಹೆಸರು ಬರೆಯಲು ಹೋಗಿ ಕೈ ಸುಟ್ಟುಕೊಂಡೆವು. ಬೆರಳಗಲದ ಚೌಕದಲ್ಲಿ ಒತ್ತಕ್ಷರ ಇರುವ ಕನ್ನಡ ಹೆಸರು ಓದುವಂತೆ ಕೂರುವುದಿಲ್ಲ. ಮುಖ, ಅದರ ಕೆಳಗೆ ಕಾಳುಗಳು. ಈ ಸುತ್ತು ಮುಗಿಯುವಲ್ಲಿ ಒಂದು ಗೆರೆ, ಅದರಾಚೆ ಮುಂದಿನ ಸುತ್ತಿನ ಮುಖಗಳು. ಸಾಲಿನಲ್ಲಿ ಮುಖವನ್ನು ಮುಟ್ಟಿದರೆ ನೆಲದ ಮೇಲಿನ ಆಳು ಮಿನುಗುತ್ತಾನೆ, ಆಳನ್ನು ಮುಟ್ಟಿದರೆ ಮುಖ ಮಿನುಗುತ್ತದೆ. ಈ ಎರಡನೆಯ ದಾರಿಯನ್ನು ಬಹಳ ಜನ ಮರೆಯುತ್ತಾರೆ. ಆಟಗಾರ ಪ್ರಶ್ನೆ ಕೇಳುವುದು ನೆಲ ನೋಡುತ್ತಾ: ‘ಈ ಈಟಿಯವನು ಯಾವಾಗ ಬರುತ್ತಾನೆ?’

ಮುಖ್ಯವಾದದ್ದು ಮುನ್ನೋಟ. 2001ರ ಫೈನಲ್ ಫ್ಯಾಂಟಸಿ 10ರಲ್ಲಿ ಸರದಿಯ ಸಾಲು ಪಕ್ಕದಲ್ಲಿ ಇರುತ್ತದೆ. ನೀವು ಒಂದು ಕೆಲಸದ ಮೇಲೆ ಗುರುತು ಇಟ್ಟ ಕೂಡಲೇ, ಅದನ್ನು ಮಾಡಿದರೆ ಸಾಲು ಹೇಗೆ ಬದಲಾಗುತ್ತದೆ ಅನ್ನುವುದನ್ನು ತೋರಿಸುತ್ತದೆ. ಒಪ್ಪಿಗೆ ಆಮೇಲೆ. ನಮ್ಮಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ, ಅಲ್ಲಿ ಮೌಸ್ ಇಲ್ಲ. ಹಾಗಾಗಿ ಮೊದಲ ಮುಟ್ಟು ಮುನ್ನೋಟ, ಅದೇ ಜಾಗದಲ್ಲಿ ಎರಡನೆಯ ಮುಟ್ಟು ಒಪ್ಪಿಗೆ.

ಮುನ್ನೋಟಕ್ಕೆ ಬೇರೆ ಲೆಕ್ಕ, ನಿಜವಾದ ಏಟಿಗೆ ಬೇರೆ ಲೆಕ್ಕ ಬರೆಯಬೇಡಿ. ನಾವು ಬರೆದಿದ್ದೆವು. ಕವಚದ ನಿಯಮ ಸೇರಿಸಿದ ದಿನ ಒಂದು ಕಡೆ ಮಾತ್ರ ತಿದ್ದಿದೆವು. ಮುನ್ನೋಟ 4 ಅನ್ನುತ್ತಿತ್ತು, ಬೀಳುತ್ತಿದ್ದದ್ದು 3. ಒಂದು ಜೀವ ಉಳಿಸಿಕೊಂಡ ಎದುರಾಳಿ ತಿರುಗಿ ಹೊಡೆಯುತ್ತಿದ್ದ. ಮುನ್ನೋಟ ಒಮ್ಮೆ ಸುಳ್ಳು ಹೇಳಿದರೆ ಆಟಗಾರ ಅದನ್ನು ನೋಡುವುದನ್ನೇ ಬಿಡುತ್ತಾನೆ. ಈಗ ಕಾಳಗದ ಪೂರ್ತಿ ಸ್ಥಿತಿಯ ನಕಲು ಮಾಡಿ, ಅದರ ಮೇಲೆ ಅದೇ ಕೆಲಸವನ್ನು ನಡೆಸಿ, ಫಲಿತಾಂಶ ತೋರಿಸುತ್ತೇವೆ.

```gdscript
func preview(state, action):
    var copy = state.make_copy()
    return apply_action(copy, action)
```

ಒಪ್ಪಿಗೆ ಕೊಟ್ಟಾಗ ನಡೆಯುವುದೂ ಇದೇ `apply_action`. ನಮ್ಮ ಬಾಣಗಳು ದೂರದೊಳಗೆ ಇದ್ದರೆ ತಪ್ಪುವುದೇ ಇಲ್ಲ, ಹಾಗಾಗಿ ಇಷ್ಟು ಸಾಕು. ನಿಮ್ಮಲ್ಲಿ ಗುರಿ ತಪ್ಪುವ ಸಾಧ್ಯತೆ ಇದ್ದರೆ ದಾಳ ಹಾಕುವ ಹಂತವನ್ನು ಹೊರಗಿಡಿ. ಇಲ್ಲವಾದರೆ ಮುನ್ನೋಟವೇ ದಾಳದ ಗುಟ್ಟನ್ನು ಬಿಟ್ಟುಕೊಡುತ್ತದೆ.

ಚೆನ್ನಿ ಕಾದಳು

ಇವೆಲ್ಲ ಒಟ್ಟಿಗೆ ಕೆಲಸ ಮಾಡುವುದನ್ನು ಒಂದು ಕಾಳಗದಲ್ಲಿ ನೋಡೋಣ. ದಾಳ ಬಿದ್ದ ಮೇಲೆ ಮೊತ್ತಗಳು ಹೀಗಿವೆ: ಚೆನ್ನಿ 10, ಗೌರ 8, ಎದುರಿನ ಬಿಲ್ಲುಗಾರ 8, ಈಟಿಗಾರ 7, ಮಲ್ಲ 6, ದರೋಡೆಕೋರರ ನಾಯಕ 5. ಗೌರನಿಗೂ ಬಿಲ್ಲುಗಾರನಿಗೂ ಸಮ, ನಮ್ಮವನಾದ್ದರಿಂದ ಗೌರ ಮೊದಲು.

ಬಿಲ್ಲುಗಾರನ ಜೀವ 8. ಚೆನ್ನಿಯ ಒಂದು ಬಾಣಕ್ಕೆ 4 ಪೆಟ್ಟು. ಎರಡು ಬಾಣ ಬಿದ್ದರೆ ಅವನು ಮುಗಿದ. ಆದರೆ ಬಾಣ ತಲುಪುವುದು ಆರು ಮನೆ, ಅವನು ಎಂಟು ಮನೆ ದೂರದಲ್ಲಿದ್ದಾನೆ. ಚೆನ್ನಿ ಎರಡು ಮನೆ ಸರಿಯಬೇಕು, ಅದಕ್ಕೆ 1 ಕಸುವು. ಒಂದು ಬಾಣಕ್ಕೆ 2. ಉಳಿಯುವುದು 1, ಇನ್ನೊಂದು ಬಾಣಕ್ಕೆ ಸಾಲದು. ಅವನು 4 ಜೀವದಿಂದ ಉಳಿದು, ತನ್ನ ಸರದಿಯಲ್ಲಿ ಎರಡು ಬಾಣ ಬಿಡುತ್ತಾನೆ.

ಗೌರನ ಬಳಿ ‘ಹುರುಪು’ ಅನ್ನುವ ಕಷಾಯ ಇದೆ. 2 ಕಸುವು ಖರ್ಚು ಮಾಡಿ ಪಕ್ಕದವರಿಗೆ 1 ಕಸುವು ಕೊಡಬಹುದು. ಆದರೆ ಗೌರ ಬರುವುದು ಚೆನ್ನಿಯ ನಂತರ.

ಆ ಶಿಕ್ಷಕಿಯವರೇ ಬಹಳ ದಿನಗಳ ನಂತರ ಈ ಕಾಳಗ ಆಡಿದರು. ಚೆನ್ನಿಯ ಬಾಣವನ್ನು ಒಮ್ಮೆ ಮುಟ್ಟಿ, ಕಾಳುಗಳನ್ನು ನೋಡಿ, ಬಿಟ್ಟರು. ಸಾಲನ್ನು ನೋಡಿದರು. ಸರದಿಯನ್ನು ಹಿಂದಕ್ಕೆ ಹಾಕಿ ಕಾಯುವ ‘ಕಾಯಿ’ ಗುಂಡಿಯನ್ನು ಒಮ್ಮೆ ಮುಟ್ಟಿದರು. ಸಾಲಿನಲ್ಲಿ ಚೆನ್ನಿಯ ಮುಖ ಗೌರನ ಹಿಂದೆ, ಬಿಲ್ಲುಗಾರನ ಮುಂದೆ ಮಸುಕಾಗಿ ಬಂದು ನಿಂತಿತು. “ಓಹೋ, ಇವನಿಗಿಂತ ಮುಂದೇ ಇರ್ತಾಳೆ” ಅಂದರು, ಮತ್ತೆ ಮುಟ್ಟಿದರು. ಗೌರ ಹುರುಪು ಕೊಟ್ಟ. ಚೆನ್ನಿಯ ಕಾಲಡಿಯಲ್ಲಿ ಐದು ಕಾಳು. ಎರಡು ಮನೆ ಸರಿದಳು, ಬಾಣ, ಮತ್ತೊಂದು ಬಾಣ. ಬಿಲ್ಲುಗಾರ ತನ್ನ ಸರದಿ ಬರುವ ಮೊದಲೇ ಬಿದ್ದ. ಯಾರೂ ಹೇಳಿಕೊಡಲಿಲ್ಲ. ಗುಂಡಿಯ ಮೇಲೆ ವಿವರಣೆಯೂ ಇರಲಿಲ್ಲ. ಅವರಿಗೆ ಬೇಕಿದ್ದ ಎರಡೂ ಉತ್ತರಗಳು ಕಣ್ಣೆದುರು ಇದ್ದವು.

ಈ ‘ಕಾಯಿ’ ಗುಂಡಿಯನ್ನು ಸರಿಮಾಡಲು ನಾವು ಬಹಳ ಹೆಣಗಿದೆವು. ಮೊದಲು ಕಾದವರು ಆ ಸುತ್ತಿನ ಕೊನೆಗೆ ಹೋಗುತ್ತಿದ್ದರು, ಮುಂದಿನ ಸುತ್ತಿಗೆ ಹಳೆಯ ಜಾಗಕ್ಕೆ ಮರಳುತ್ತಿದ್ದರು. ಅಂದರೆ ಸಾಲಿನಲ್ಲಿ ಮೊದಲಿದ್ದ ಚೆನ್ನಿ ಕಾದು ಕೊನೆಯವಳಾದರೆ, ಕೊನೆಯ ಸರದಿ, ತಕ್ಷಣ ಮೊದಲ ಸರದಿ, ನಡುವೆ ಯಾರೂ ಇಲ್ಲ. ಗೋಡೆಗೆ ಅಂಟಿಸಿದ್ದ ಮಾತು ಮುರಿದುಬಿತ್ತು, ಈ ಸಲ ನಮ್ಮ ಕಡೆಯಿಂದ. ಈಗ ಕಾದವರು ತಮ್ಮ ಮುಂದಿನ ಒಬ್ಬರ ಹಿಂದೆ ಮಾತ್ರ ಹೋಗುತ್ತಾರೆ, ಹೋದ ಜಾಗ ಕಾಳಗ ಮುಗಿಯುವವರೆಗೂ ಅವರದೇ. ಚೆನ್ನಿ ಇನ್ನು ಯಾವಾಗಲೂ ಗೌರನ ನಂತರ. ಕಸುವನ್ನು ಮುಟ್ಟುವ ಮೊದಲು ಮಾತ್ರ ಕಾಯಬಹುದು, ಸುತ್ತಿನಲ್ಲಿ ಒಂದೇ ಸಲ. ಕಾದದ್ದಕ್ಕೆ ತೆರುವ ಬೆಲೆಯೂ ಸಾಲಿನಲ್ಲೇ ಕಾಣುತ್ತದೆ.

ಒಂದು ಸರದಿ ಅಂದರೆ ಯಾರ ಸರದಿ

ಕೊನೆಯ ಸಂಗತಿ, ಹೆಚ್ಚಿನ ಆಟಗಳು ಎಡವುವ ಕಡೆ. ಮಲ್ಲ ಗುರಾಣಿಯಿಂದ ಗುದ್ದಿದರೆ ಎದುರಾಳಿಗೆ ಒಂದು ಸರದಿ ತಲೆಸುತ್ತು. ಮೊದಲು ನಾವು ಈ ಎಣಿಕೆಯನ್ನು ಸುತ್ತಿನ ಕೊನೆಗೆ ಇಳಿಸುತ್ತಿದ್ದೆವು. ಮೇಲಿನ ಸಾಲಿನಲ್ಲೇ ನೋಡಿ. ಮಲ್ಲ ಐದನೆಯವನು. ಆರನೆಯವನಾದ ನಾಯಕನಿಗೆ ಗುದ್ದಿದರೆ, ನಾಯಕನ ಸರದಿ ಹೋಗುತ್ತದೆ, ಸರಿ. ನಾಲ್ಕನೆಯವನಾದ ಈಟಿಗಾರನಿಗೆ ಗುದ್ದಿದರೆ? ಅವನು ಈ ಸುತ್ತಿನಲ್ಲಿ ಆಡಿ ಮುಗಿಸಿದ್ದಾನೆ. ನಾಯಕ ಆಡುತ್ತಾನೆ, ಸುತ್ತು ಮುಗಿಯುತ್ತದೆ, ತಲೆಸುತ್ತು ಇಳಿದುಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಈಟಿಗಾರ ಏನೂ ಆಗದವನಂತೆ ಬರುತ್ತಾನೆ. ಅದೇ ಗುದ್ದು, ಅದೇ ಬರಹ, ಎರಡು ಫಲ. ಆಡಿದವರು ನಮಗೆ ಹೇಳಿದ್ದು “ಗುದ್ದು ಒಂದೊಂದ್ಸಲ ಕೆಲಸ ಮಾಡಲ್ಲ” ಅಂತ. ಇಂಥ ಮಾತು ಕಿವಿಗೆ ಬಿದ್ದರೆ ದಾಳವನ್ನು ಹುಡುಕುವ ಮೊದಲು ಎಣಿಕೆ ಎಲ್ಲಿ ಇಳಿಯುತ್ತಿದೆ ಅಂತ ನೋಡಿ.

ಈಗ ತೊಂದರೆ ಕೊಡುವ ಸ್ಥಿತಿಗಳು ಅದನ್ನು ಹೊತ್ತವನ ಸರದಿ ಮುಗಿದಾಗ ಇಳಿಯುತ್ತವೆ. ಹಾಗಾಗಿ ಯಾರಿಗೆ ಯಾವಾಗ ಗುದ್ದಿದರೂ ಒಂದು ಸರದಿ ಹೋಗಿಯೇ ಹೋಗುತ್ತದೆ. ಕಾಪಾಡುವ ಸ್ಥಿತಿಗಳಿಗೆ ಇದೇ ನಿಯಮ ಹಾಕಿದರೆ ಎಡವಟ್ಟು. ಮಲ್ಲ ತನ್ನ ಸರದಿಯಲ್ಲಿ ಗುರಾಣಿ ಎತ್ತುತ್ತಾನೆ, ಸರದಿ ಮುಗಿದ ಕೂಡಲೇ ಅದು ಇಳಿದರೆ ಏನು ಬಂತು? ಅದು ಅವನ ಮುಂದಿನ ಸರದಿ ಶುರುವಾಗುವವರೆಗೆ ಇರಬೇಕು. ಆಟದೊಳಗೆ ಹೀಗೇ ಬರೆದಿದ್ದೇವೆ: ‘ಅವನ ಮುಂದಿನ ಸರದಿ ತಪ್ಪುತ್ತದೆ’, ‘ನಿನ್ನ ಮುಂದಿನ ಸರದಿಯವರೆಗೆ’. ‘1 ಸುತ್ತು’ ಅನ್ನುವ ಬರಹ ಎಲ್ಲೂ ಇಲ್ಲ. ಸ್ಥಿತಿ ಎಲ್ಲಿ ಮುಗಿಯುತ್ತದೋ, ಸಾಲಿನಲ್ಲಿ ಆ ಮುಖದ ಮೇಲೆ ಅದರ ಪುಟ್ಟ ಗುರುತು ಕೂರುತ್ತದೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಗೆಳತಿಯೊಬ್ಬರು ಕೇಳಿದರು: “ಇಷ್ಟೆಲ್ಲ ಯಾಕೆ? ನಮ್ಮವರೆಲ್ಲ ಆಡಿದ ಮೇಲೆ ಅವರೆಲ್ಲ ಆಡ್ಲಿ ಅಂದ್ರೆ ಸರದಿಯ ಸಾಲೇ ಬೇಡವಲ್ಲ?” ಒಳ್ಳೆಯ ಪ್ರಶ್ನೆ. ಎಕ್ಸ್‌ಕಾಮ್ ಹಳೆಯದೂ ಹೊಸದೂ ಹಾಗೇ ನಡೆಯುತ್ತವೆ. ಎರಡೂ ಕಡೆ ಸೇರಿ ಎಂಟಕ್ಕಿಂತ ಹೆಚ್ಚು ಜನ ಇದ್ದರೆ ನಾನೂ ಅದನ್ನೇ ಆರಿಸುತ್ತೇನೆ. ಫೋನಿನ ಅಗಲದಲ್ಲಿ ಎಂಟು ಮುಖಕ್ಕಿಂತ ಹೆಚ್ಚು ಕೂರಿಸಲು ನಮಗೆ ಆಗಲಿಲ್ಲ. ಕಾಣದ ಸರದಿಗಿಂತ ಇಲ್ಲದ ಸರದಿ ಮೇಲು. ಆದರೆ ಹಾಗೆ ಮಾಡಿದರೆ ನಮ್ಮ ಕಡೆಯ ಎಲ್ಲರ ಕಸುವೂ ಒಟ್ಟಿಗೆ ಒಬ್ಬನ ಮೇಲೆ ಬೀಳುತ್ತದೆ, ಅವರದೂ ಹಾಗೇ. ಮೊದಲ ಏಟು ಯಾರದೋ ಅವರಿಗೆ ಬಹಳ ಲಾಭ. ಮೂವರಿಗೆ ಮೂವರು ಎದುರಾಗುವ ನಮ್ಮ ಕಾಳಗದಲ್ಲಿ 4 ಕಸುವಿನ ಮೂವರು ಒಟ್ಟಿಗೆ ಹೊಡೆದರೆ ಆರು ಹೊಡೆತ. ಬಿಲ್ಲುಗಾರನಂಥ ಇಬ್ಬರು ಕೈಯೆತ್ತುವ ಮೊದಲೇ ಮುಗಿದಿರುತ್ತಾರೆ. ನಮ್ಮ ಆಟಕ್ಕೆ ಅದು ಹೊಂದಲಿಲ್ಲ, ಅದಕ್ಕೇ ಸಾಲನ್ನು ಉಳಿಸಿಕೊಂಡು, ಅದನ್ನು ಎಂಟು ಮುಖಕ್ಕೆ ನಿಲ್ಲಿಸಿದ್ದೇವೆ.